ಹಪ್ಪಳಕ್ಕೆ ಹೆಸರು: ಪ್ರಿಂಟ್‌ಗೆ ಕೊಡುವ ಮುನ್ನ ಐದು ಜನರಿಂದ ಓದಿಸಿ

ನಮ್ಮ ಅತ್ತಿಗೆ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ಮನೆ ಇರುವುದು ಶಿರಸಿಯಿಂದ ಸ್ವಲ್ಪ ಒಳಗೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗಳದ ತುಂಬಾ ಚಾಪೆ ಹಾಸಿ ಹಪ್ಪಳ ಒಣಗಿಸುತ್ತಾರೆ. ಮೊದಲ ವರ್ಷ ಹೆಸರೇನೂ ಇರಲಿಲ್ಲ, ಸುಮ್ನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಿದ್ದರು. ಎರಡನೇ ವರ್ಷ "ಸುಗ್ಗಿ" ಎಂದು ಹೆಸರಿಟ್ಟು ಐನೂರು ಲೇಬಲ್ ಹೊಡೆಸಿದೆವು. ಕನ್ನಡದಲ್ಲಿ ಚೆಂದದ ಹೆಸರು ಅಲ್ವಾ? ನಮ್ಮ ಕಡೆ ಸುಗ್ಗಿ ಕುಣಿತವೂ ಇದೆ. ಕೆಳಗೆ ಇಂಗ್ಲಿಷಿನಲ್ಲಿ Suggi ಎಂದು ಹಾಕಿದೆವು.

ಬೆಂಗಳೂರಿನ ಒಂದು ಅಂಗಡಿಗೆ ಕಳಿಸಿದಾಗ ತೊಂದರೆ ಗೊತ್ತಾಯಿತು. ಅಲ್ಲಿನ ಗಿರಾಕಿಗಳು ಅದನ್ನು "ಸಗ್ಗಿ" ಎಂದು ಓದುತ್ತಿದ್ದರು. ಇಂಗ್ಲಿಷ್ ಓದಿ ರೂಢಿಯಾದವರಿಗೆ u ಮುಂದೆ ಎರಡು g ಕಂಡರೆ ಅದು "ಉ" ಅಲ್ಲ, "ಕಪ್", "ಬಸ್" ಪದಗಳಲ್ಲಿ ಬರುವ "ಅ". ಇಂಗ್ಲಿಷಿನಲ್ಲಿ "ಸಾಗಿ" ಎಂದರೆ ನೀರು ಹಿಡಿದು ಮೆತ್ತಗಾದದ್ದು. ಗರಿಗರಿಯಾಗಿರಬೇಕಾದ ಹಪ್ಪಳಕ್ಕೆ ಇದಕ್ಕಿಂತ ಕೆಟ್ಟ ನೆನಪು ಬೇರೆ ಬೇಕೇ? ಹೆಸರಿನ ತಪ್ಪಲ್ಲ ಅದು. ಸುಗ್ಗಿ ಒಳ್ಳೆಯ ಪದವೇ. ಆದರೆ ಕನ್ನಡದಿಂದ ಇಂಗ್ಲಿಷ್ ಅಕ್ಷರಕ್ಕೆ ಹೋಗಿ ಮತ್ತೆ ಬಾಯಿಗೆ ಬರುವಷ್ಟರಲ್ಲಿ ಅದು ಬೇರೆ ಪದವಾಗಿತ್ತು. ಆಮೇಲೆ ನಾವು ಹೆಸರು ಹುಡುಕಿದ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಕನ್ನಡದಲ್ಲಿ ಮಾತ್ರ ಬರೆದರೆ ಸಾಲದೇ ಎಂದು ಅತ್ತಿಗೆ ಕೇಳಿದ್ದರು. ಸಾಲದು. ಆಹಾರ ಪೊಟ್ಟಣದ ಲೇಬಲ್ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರಲ್ಲಿ ಮಾಡಿದ ನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಕನ್ನಡವನ್ನು ಅದರ ಜೊತೆಗೆ ಹಾಕಬಹುದು. ಇತ್ತ ನಮ್ಮ ರಾಜ್ಯದಲ್ಲಿ 2024ರ ತಿದ್ದುಪಡಿಯ ನಂತರ ಅಂಗಡಿ ಬೋರ್ಡಿನ ಶೇ. 60 ಭಾಗ ಕನ್ನಡದಲ್ಲಿರಬೇಕು. ಹೀಗಾಗಿ ಮನೆಯ ಹಪ್ಪಳವೇ ಆದರೂ ಅದರ ಹೆಸರು ಎರಡೂ ಲಿಪಿಯಲ್ಲಿ ಬದುಕಬೇಕು.

ಮೊದಲು ಅಕ್ಷರ ನೋಡಿ

ಮನಸ್ಸಿಗೆ ಬಂದ ಹತ್ತು ಹನ್ನೆರಡು ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಆಮೇಲೆ ಕನ್ನಡದ ಹೆಸರನ್ನು ಕೈಯಿಂದ ಮುಚ್ಚಿ. ಇಂಗ್ಲಿಷ್ ಅಕ್ಷರ ಮಾತ್ರ ನೋಡಿದರೆ ಬೇರೆ ಯಾವ ಯಾವ ಕನ್ನಡ ಪದ ಹುಟ್ಟಬಹುದು ಎಂದು ಯೋಚಿಸಿ. ಇಲ್ಲಿ ಅವಸರ ಬೇಡ. ಅರ್ಧ ಹೆಸರುಗಳು ಇಲ್ಲೇ ಬಿದ್ದುಹೋಗುತ್ತವೆ.

ಲ ಮತ್ತು ಳ ಎರಡಕ್ಕೂ ಇಂಗ್ಲಿಷಿನಲ್ಲಿ ಇರುವುದು ಒಂದೇ l. ಉಪ್ಪಿನಕಾಯಿಗೆ "ಹುಳಿ" ಎಂದು ಹೆಸರಿಟ್ಟು Huli ಎಂದು ಬರೆದರೆ ಅದು ಹುಲಿಯೂ ಹೌದು. ಹುಲಿಯಾದರೆ ನಷ್ಟವೇನೂ ಇಲ್ಲ. ಆದರೆ "ಹಾಲು" ಎಂಬುದನ್ನು Halu ಎಂದು ಬರೆದಾಗ "ಹಾಳು" ಎಂದೂ ಓದಬಹುದು. ತಿನ್ನುವ ಪದಾರ್ಥದ ಮೇಲೆ ಆ ಪದ ಬರಲೇಬಾರದು.

ಗಿಡ್ಡ ಸ್ವರ, ಉದ್ದ ಸ್ವರದ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಪರಿಚಯದವರೊಬ್ಬರು ತುಡುವೆ ಜೇನು ಸಾಕಿ ತುಪ್ಪ ಮಾರುತ್ತಾರೆ. ಅವರಿಗೆ "ಹನಿ" ಎಂಬ ಹೆಸರು ತುಂಬಾ ಇಷ್ಟವಾಗಿತ್ತು. ಕನ್ನಡದಲ್ಲಿ ಹನಿ, ಇಂಗ್ಲಿಷಿನಲ್ಲಿ ಕೇಳಿದರೆ ಜೇನುತುಪ್ಪ. ಕಿವಿಗೆ ಎರಡೂ ಕಡೆ ಸರಿ. ಆದರೆ Hani ಎಂದು ಬರೆದ ಕೂಡಲೇ ಅದು "ಹಾನಿ" ಆಯಿತು. ಕನ್ನಡದಲ್ಲಿ ಮಾತ್ರ ಅಲ್ಲ, ಹಿಂದಿ ಮರಾಠಿಯಲ್ಲೂ ಅದೇ ಅರ್ಥ. Honey ಎಂದೇ ಬರೆದರೆ ಅದು ಪದಾರ್ಥದ ಹೆಸರಾಯಿತೇ ಹೊರತು ಇವರ ಹೆಸರಾಗಲಿಲ್ಲ. ಹೇಳುವಾಗ ಚೆಂದ, ಬರೆಯುವಾಗ ದಾರಿಯೇ ಇಲ್ಲ. ಇಂಥ ಹೆಸರನ್ನು ಬಿಡುವುದು ಕಷ್ಟ. ಆದರೂ ಬಿಡಬೇಕು.

ತ ಮತ್ತು ಟ ಒಟ್ಟಿಗೆ ಬಂದರೆ ಕಾಗುಣಿತ ಕೂಡುವುದೇ ಇಲ್ಲ. ಅಡಿಕೆ ಊರಿನವರಿಗೆ "ತೋಟ" ಎಂದರೆ ಜೀವ. ಅದನ್ನು ಬರೆಯುವುದು ಹೇಗೆ? Tota ಎಂದರೆ ಹಿಂದಿಯವರಿಗೆ ಗಿಳಿ, ಇಂಗ್ಲಿಷ್ ಓದುವವರಿಗೆ "ಟೋಟ". Thota ಎಂದರೆ ಕನ್ನಡಿಗರು ಸರಿಯಾಗಿ ಓದುತ್ತಾರೆ, ಉತ್ತರದವರು "ಥೋಟ" ಎನ್ನುತ್ತಾರೆ. ನಾವು ದಕ್ಷಿಣದವರು ತ ಅಕ್ಷರಕ್ಕೆ th ಹಾಕುತ್ತೇವೆ, ಅವರಿಗೆ th ಎಂದರೆ ಥ. ಇದು ಯಾರ ತಪ್ಪೂ ಅಲ್ಲ, ರೂಢಿಯೇ ಬೇರೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಡುವುದು "ಎ"ಕಾರದಲ್ಲಿ ಮುಗಿಯುವ ಹೆಸರು. ಇಂಗ್ಲಿಷಿನಲ್ಲಿ ಪದದ ಕೊನೆಯ e ಸಾಮಾನ್ಯವಾಗಿ ಬಾಯಲ್ಲಿ ಬರುವುದೇ ಇಲ್ಲ, ಹಿಂದಿನ ಸ್ವರವನ್ನು ಎಳೆದು ಬಿಡುತ್ತದೆ ಅಷ್ಟೇ. ಹಾಗಾಗಿ "ಮಲೆ" ಎಂಬುದು Male ಆಗಿ "ಮೇಲ್" ಆಗುತ್ತದೆ, ಗಂಡು ಎಂಬ ಅರ್ಥ. "ಒಲೆ" ಎಂಬುದು Ole ಆಗಿ "ಓಲ್" ಆಗುತ್ತದೆ. ಅಪ್ಪೆಮಿಡಿಯ "ಅಪ್ಪೆ"ಯನ್ನು Appe ಎಂದು ಬರೆದರೆ ಮೊಬೈಲಿನ "ಆ್ಯಪ್" ಆಗುತ್ತದೆ. ನಮ್ಮ ಉಪ್ಪಾಗೆಯನ್ನು Uppage ಎಂದು ಬರೆದು ಹೊರಗಿನವರ ಕೈಗೆ ಕೊಡಿ. "ಅಪ್ ಪೇಜ್" ಎನ್ನುತ್ತಾರೆ. ಉಪ್ಪಾಗೆ ಮರ ನೋಡದವರಿಗೆ ಅದು ಹುಳಿಹಣ್ಣು ಎಂದು ತಿಳಿಯುವುದಾದರೂ ಹೇಗೆ?

"ಅ"ಕಾರದ ಕೊನೆಯೂ ಗಟ್ಟಿ ಅಲ್ಲ. ಕಾರವಾರ ಎಂಬುದು Karwar ಆದದ್ದು ನೋಡಿ, ನಡುವಿನ ಮತ್ತು ಕೊನೆಯ "ಅ" ಎರಡೂ ಹೋದವು. ಶಿರಸಿ ಎಂಬುದು Sirsi ಆದಾಗ ಶ ಹೋಗಿ ಸ ಬಂತು, ನಡುವಿನ ಸ್ವರ ಮಾಯವಾಯಿತು. ಊರಿಗೆ ಇದು ನಡೆಯುತ್ತದೆ. ಯಾಕೆಂದರೆ ಊರಿನ ಹೆಸರು ಬೋರ್ಡಿಗಿಂತ ಮೊದಲೇ ಜನರಿಗೆ ಗೊತ್ತು. ಹೊಸ ಹಪ್ಪಳದ ಹೆಸರನ್ನು ಜನ ಮೊದಲ ಸಲ ನೋಡುವುದೇ ಪೊಟ್ಟಣದ ಮೇಲೆ. ಅಲ್ಲಿ ಹೇಗೆ ಓದುತ್ತಾರೋ ಹಾಗೇ ಉಳಿಯುತ್ತದೆ.

ಹಾಗಾದರೆ ಯಾವುದು ಗಟ್ಟಿ? "ಇ" ಅಥವಾ "ಉ"ಕಾರದಲ್ಲಿ ಮುಗಿಯುವ, ಒತ್ತಕ್ಷರ ಇಲ್ಲದ, ಮ, ನ, ಬ, ಸ, ರ, ಕ, ವ, ಲ ಇಂಥ ಅಕ್ಷರಗಳಿಂದಾದ ಎರಡು ಮೂರು ಅಕ್ಷರದ ಪದ. ಒತ್ತಕ್ಷರ ಬಿಟ್ಟರೆ ಇಂಗ್ಲಿಷಿನಲ್ಲಿ ಒಂದು g ಹಾಕುವುದೋ ಎರಡು ಹಾಕುವುದೋ ಎಂಬ ಗೊಂದಲವೂ ತಪ್ಪುತ್ತದೆ. ಇದು ಕಟ್ಟುನಿಟ್ಟಿನ ನಿಯಮ ಅಲ್ಲ. ಆದರೆ ಈ ಜಾತಿಯ ಪದಗಳು ಬರೆದ ಮೇಲೂ ಹಾಗೇ ಉಳಿಯುತ್ತವೆ.

ಚೀಟಿ ಕೊಟ್ಟು ಓದಿಸಿ

ನಮ್ಮ ಹಾಳೆಯಲ್ಲಿ ಕೊನೆಗೆ ಉಳಿದದ್ದು ಮೂರು: ಅಂಗಳ, ಜಗಲಿ, ಬಿಸಿಲು. ಅಂಗಳದಲ್ಲಿ ಳ ಇತ್ತು, ಕೊನೆಗೆ "ಅ"ಕಾರವೂ ಇತ್ತು. ಆದರೆ ಅತ್ತಿಗೆಗೆ ಅದು ಇಷ್ಟ. ಇರಲಿ, ಜನರೇ ಹೇಳಲಿ ಎಂದು ಉಳಿಸಿಕೊಂಡೆವು.

ಇಂಗ್ಲಿಷ್ ಅಕ್ಷರದಲ್ಲಿ ಮಾತ್ರ ಬರೆದ ಚೀಟಿ ಮಾಡಿ. ಐದು ಜನರಿಗೆ ಒಬ್ಬೊಬ್ಬರಿಗೇ ಕೊಟ್ಟು ಜೋರಾಗಿ ಓದಲು ಹೇಳಿ. ಇದು ಏನು, ಯಾತಕ್ಕೆ ಎಂದು ಮೊದಲು ಹೇಳಬೇಡಿ. "ಹಪ್ಪಳದ ಹೆಸರು" ಎಂದ ಕೂಡಲೇ ಅವರು ಊಹಿಸಿ ಓದುತ್ತಾರೆ. ಐದು ಜನರೂ ಮನೆಯವರೇ ಆದರೆ ಪ್ರಯೋಜನ ಇಲ್ಲ. ನಾವು ಕೇಳಿದ್ದು ಹೀಗೆ: ಶಿರಸಿಯ ಒಬ್ಬ ಕಾಲೇಜು ಹುಡುಗಿ, ಮನೆಯಲ್ಲಿ ಕೊಂಕಣಿ ಮಾತಾಡುವ ಕಾರವಾರದ ಒಬ್ಬರು, ಹುಬ್ಬಳ್ಳಿಯ ಒಬ್ಬ ಅಂಗಡಿಯವರು, ಬೆಂಗಳೂರಿನಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅಣ್ಣನ ಮಗ, ಮತ್ತು ಕನ್ನಡ ಬಾರದ ಅವನ ಸ್ನೇಹಿತ. ದೂರದವರಿಗೆ ಚೀಟಿಯ ಫೋಟೋ ಕಳಿಸಿ, ಓದಿದ್ದನ್ನು ದನಿ ಸಂದೇಶವಾಗಿ ಕಳಿಸಲು ಹೇಳಿದೆವು. ದನಿ ಇದ್ದರೆ ಮತ್ತೆ ಮತ್ತೆ ಕೇಳಬಹುದು.

Angala ಎಂಬುದನ್ನು ಇಬ್ಬರು "ಅಂಗಲ" ಎಂದರು, ಒಬ್ಬ "ಆಂಗ್ಲಾ" ಎಂದ. ಅಂಗಳ ಎಂದದ್ದು ಹುಬ್ಬಳ್ಳಿಯವರು ಮತ್ತು ಶಿರಸಿಯ ಹುಡುಗಿ ಮಾತ್ರ. Jagali ಎಂಬುದನ್ನು ಮೂವರು ಸರಿಯಾಗಿ ಓದಿದರು. ಆದರೆ ಕನ್ನಡ ಬಾರದ ಹುಡುಗ ಓದಿ ನಿಲ್ಲಿಸಿ, "ಜಂಗ್ಲಿ ಎಂದು ಬರೆಯುವಾಗ ಒಂದು ಅಕ್ಷರ ಬಿಟ್ಟುಹೋಗಿದೆಯಾ?" ಎಂದು ಕೇಳಿದ. ಆ ಪ್ರಶ್ನೆ ನಮಗೆ ತುಂಬಾ ಉಪಕಾರ ಮಾಡಿತು. ತಪ್ಪು ಓದುವುದಕ್ಕಿಂತ, ಸರಿ ಓದಿ ಬೇರೆ ಪದ ನೆನೆಯುವುದು ಹಿಡಿಯಲು ಕಷ್ಟ. ಆದ್ದರಿಂದ ಓದಿಸಿದ ಮೇಲೆ "ಇದನ್ನು ನೋಡಿದರೆ ಏನು ನೆನಪಾಗುತ್ತದೆ?" ಎಂದು ಕೇಳಲೇಬೇಕು. Bisilu ಎಂಬುದನ್ನು ನಾಲ್ವರು ಬಿಸಿಲು ಎಂದೇ ಓದಿದರು. ಐದನೆಯವನು "ಬಿಸಿಲೂ" ಎಂದು ಕೊನೆಯಲ್ಲಿ ಎಳೆದ. ಅಷ್ಟು ಎಳೆದರೆ ಏನೂ ಕೆಡುವುದಿಲ್ಲ.

ಐವರಲ್ಲಿ ನಾಲ್ವರು ಒಂದೇ ರೀತಿ ಓದಿದರೆ ಹೆಸರು ಮುಂದಕ್ಕೆ ಹೋಗಬಹುದು. ಮೂವರೇ ಆದರೆ ಕಾಗುಣಿತ ಬದಲಿಸಿ ಬೇರೆ ಐವರಿಗೆ ಕೊಡಿ. ಅದಕ್ಕೂ ಕಡಿಮೆಯಾದರೆ ಆ ಹೆಸರು ಬಿಡಿ. ಇದು ನಾವು ಇಟ್ಟುಕೊಂಡ ಅಳತೆ.

ಈಗ ಕಿವಿಯ ಕಡೆಯಿಂದ

ಇದೇ ದಾರಿಯಲ್ಲಿ ಹಿಂದಕ್ಕೆ ಬನ್ನಿ. ಬೇರೆ ಐದು ಜನರಿಗೆ ಫೋನಿನಲ್ಲಿ ಒಂದೇ ಸಲ ಹೆಸರು ಹೇಳಿ, ಇಂಗ್ಲಿಷ್ ಅಕ್ಷರದಲ್ಲಿ ಮೆಸೇಜ್ ಮಾಡಲು ಹೇಳಿ. ಗಿರಾಕಿ ಮಾಡುವುದೂ ಇದನ್ನೇ. ಜಾತ್ರೆಯಲ್ಲಿ ಹೆಸರು ಕೇಳಿ, ಮನೆಗೆ ಹೋಗಿ ಮೊಬೈಲಿನಲ್ಲಿ ಹುಡುಕುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯ ಗದ್ದಲದಲ್ಲಿ ಒಂದು ಸಲ ಕೂಗಿ ಹೇಳಿದ ಹೆಸರು ಎದುರಿನವರಿಗೆ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ.

ಬಿಸಿಲು ಎಂಬುದಕ್ಕೆ ನಮಗೆ ಬಂದದ್ದು Bisilu ಮೂರು, Bisulu ಒಂದು, Bislu ಒಂದು. ಕೊನೆಯದು ಬರಲು ಕಾರಣ ನಾವೇ. ಮಾತಿನಲ್ಲಿ ನಾವು "ಬಿಸ್ಲು" ಎಂದೇ ಹೇಳುತ್ತೇವೆ. ಹೆಸರು ಹೇಳುವಾಗ ನಡುವಿನ "ಸಿ" ನುಂಗಬಾರದು ಎಂದು ಅತ್ತಿಗೆ ಅಂದಿನಿಂದ ರೂಢಿ ಮಾಡಿಕೊಂಡರು. ನಿಮ್ಮ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರುವ ಕೀಲಿಮಣೆ ಇದ್ದರೆ, ಅದರಲ್ಲೂ ಹೆಸರು ಒತ್ತಿ ನೋಡಿ. ಮೊದಲ ಸಲಹೆಯಾಗಿ ನಿಮ್ಮ ಪದವೇ ಬಂದರೆ ಒಳ್ಳೆಯ ಗುರುತು.

ಇನ್ನೊಂದು ಪರೀಕ್ಷೆ ಅಂಗಡಿಯ ಮಾತಿನದು. "ಎರಡು ___ ಕೊಡಿ", "___ ಖಾಲಿಯಾಗಿದೆ", "ಈ ಸಲದ ___ ಹೇಗಿದೆ?" ಈ ಮೂರು ವಾಕ್ಯದಲ್ಲಿ ಹೆಸರು ಕೂರಿಸಿ ಜೋರಾಗಿ ಹೇಳಿ. ಕನ್ನಡದಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತದೆ, ಅಂಟಿದಾಗ ಅರ್ಥವೂ ಸ್ವಲ್ಪ ಜಾರುತ್ತದೆ. "ಬಿಸಿಲಿನ ಹಪ್ಪಳ" ಎಂದರೆ ಅದು ಬ್ರಾಂಡ್ ಅಲ್ಲ, ಬಿಸಿಲಿನಲ್ಲಿ ಒಣಗಿಸಿದ ಯಾವುದೋ ಹಪ್ಪಳ. ಹಾಗಾಗಿ ಲೇಬಲಿನಲ್ಲೂ ಬಾಯಲ್ಲೂ "ಬಿಸಿಲು ಹಪ್ಪಳ" ಎಂದೇ ಇಟ್ಟುಕೊಂಡೆವು.

ನೆರೆಯ ಭಾಷೆಯವರನ್ನು ಕೇಳಿ

ನಮ್ಮ ಜಿಲ್ಲೆಯಲ್ಲಿ ಇದನ್ನು ಬಿಟ್ಟರೆ ನಡೆಯುವುದಿಲ್ಲ. ಘಟ್ಟದ ಮೇಲೆ ಹವ್ಯಕ ಕನ್ನಡ, ಕರಾವಳಿಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಕಾರವಾರದ ಕಡೆ ಮರಾಠಿಯೂ ಇದೆ, ಆಚೆಗೆ ಗೋವಾ. ಒಂದು ಉದಾಹರಣೆ ಸಾಕು. ಕನ್ನಡದಲ್ಲಿ "ನಾಕ" ಎಂದರೆ ಸ್ವರ್ಗ. ಕೊಂಕಣಿಯಲ್ಲಿ "ನಾಕಾ" ಎಂದರೆ ಬೇಡ. ಸಿಹಿತಿಂಡಿಗೆ Naka ಎಂದು ಹೆಸರಿಟ್ಟು ಕಾರವಾರದ ಪೇಟೆಯಲ್ಲಿ ಇಟ್ಟರೆ, ಪೊಟ್ಟಣವೇ ಗಿರಾಕಿಗೆ "ಬೇಡ" ಎಂದಂತೆ.

ಇದನ್ನು ನಿಘಂಟು ನೋಡಿ ಮಾಡಲಾಗದು. ಬೈಗುಳ, ಮಕ್ಕಳ ಮಾತು, ದೇಹದ ಅಂಗಗಳ ಆಡುಹೆಸರು ಅಲ್ಲಿ ಸಿಗುವುದಿಲ್ಲ. ಆ ಭಾಷೆಯನ್ನು ಮನೆಯಲ್ಲಿ ಮಾತಾಡುವ ಒಬ್ಬ ಹಿರಿಯರನ್ನು, ಒಬ್ಬ ಕಿರಿಯರನ್ನು ಕೇಳಿ. ಹಿರಿಯರು ಮರ್ಯಾದೆಗೆ ಹೇಳದೆ ಬಿಟ್ಟದ್ದನ್ನು ಕಿರಿಯರು ಹೇಳುತ್ತಾರೆ. ಇಂಗ್ಲಿಷಿಗೂ ಇದೇ ಮಾತು. "ಪೂರ್ಣ" ಎಂಬುದನ್ನು Poorna ಎಂದು ಬರೆದರೆ ಮೊದಲ ನಾಲ್ಕು ಅಕ್ಷರದಲ್ಲೇ ಬಡವ ಎಂಬ ಪದ ಕೂತಿದೆ. Purna ಎಂದರೆ ಆ ತೊಂದರೆ ಇಲ್ಲ.

ದೇವರ ಹೆಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಪೊಟ್ಟಣ ಖಾಲಿಯಾದ ಮೇಲೆ ಕಸಕ್ಕೆ ಹೋಗುತ್ತದೆ, ಕಾಲಡಿಗೂ ಬೀಳುತ್ತದೆ. ನಮ್ಮ ಮನೆಯಲ್ಲಿ ಆ ಕಾರಣಕ್ಕೇ ದೇವರ ಹೆಸರು ಬೇಡ ಎಂದೆವು. ಒಂದು ಸಮುದಾಯದ ಹೆಸರನ್ನು ಆ ಸಮುದಾಯದವರಲ್ಲದವರು ಪೊಟ್ಟಣಕ್ಕೆ ಹಚ್ಚುವುದೂ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಬೇರೆಯವರ ಹೆಸರಿನ ಹತ್ತಿರ ಇದೆಯೇ?

ಬಾಯಿ, ಕಿವಿ ಎರಡನ್ನೂ ದಾಟಿದ ಮೇಲೆ ಟ್ರೇಡ್‌ಮಾರ್ಕ್ ನೋಡಿ. ipindia.gov.in ತಾಣದ ಸಾರ್ವಜನಿಕ ಹುಡುಕಾಟದಲ್ಲಿ ಹೆಸರು ಹುಡುಕಲು Wordmark ಮತ್ತು Phonetic ಎಂಬ ಎರಡು ಬಗೆ ಇವೆ. ಮೊದಲನೆಯದು ಕಾಗುಣಿತ ನೋಡುತ್ತದೆ, ಎರಡನೆಯದು ಉಚ್ಚಾರ. ಎರಡರಲ್ಲೂ ಹುಡುಕಿ. ಫೋನ್ ಪರೀಕ್ಷೆಯಲ್ಲಿ ಜನ ಬರೆದ ತಪ್ಪು ಕಾಗುಣಿತಗಳನ್ನೂ ಬಿಡದೆ ಹುಡುಕಿ. ನಾವು Bisilu, Bisulu, Bislu, Beesilu ನಾಲ್ಕನ್ನೂ ಹಾಕಿದೆವು. ಹುಡುಕುವಾಗ ಪದಾರ್ಥದ ವರ್ಗದ ಸಂಖ್ಯೆ ಬೇಕು. ಉಪ್ಪಿನಕಾಯಿ 29, ಸಾಮಾನ್ಯ ಹಪ್ಪಳ 30, ಕೋಕಂ ಶರಬತ್ತಿನಂಥ ಪಾನೀಯ 32. ಹಲಸಿನದಾದರೆ 29 ಮತ್ತು 30 ಎರಡನ್ನೂ ನೋಡುವುದು ಒಳ್ಳೆಯದು.

ಒಂದು ಅಕ್ಷರ ಬದಲಿಸಿದರೆ ಬೇರೆ ಹೆಸರಾಯಿತು ಎಂದು ಜನ ನಂಬುತ್ತಾರೆ. ಹಾಗಲ್ಲ. "ಅಮೃತಧಾರಾ" ಮತ್ತು "ಲಕ್ಷ್ಮಣಧಾರಾ" ಎಂಬ ಔಷಧದ ಹೆಸರುಗಳ ವಿಚಾರ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಎರಡರ ಅರ್ಥ ಬೇರೆಯೇ. ಆದರೂ 1962ರಲ್ಲಿ ಕೋರ್ಟು, ಸಾಮಾನ್ಯ ಗಿರಾಕಿ ಹೆಸರನ್ನು ಬಿಡಿಸಿ ಅರ್ಥ ನೋಡುವುದಿಲ್ಲ, ಅರೆಬರೆ ನೆನಪಿನಲ್ಲಿ ಒಟ್ಟು ದನಿಯನ್ನು ಹಿಡಿಯುತ್ತಾನೆ ಎಂದು ಹೇಳಿ, ಗೊಂದಲವಾಗುವಷ್ಟು ಹೋಲಿಕೆ ಇದೆ ಎಂದಿತು. ನಮ್ಮ ಹಾಳೆಯಲ್ಲಿ "ಮಾಗಿ" ಎಂಬ ಹೆಸರೂ ಇತ್ತು. ಮಾಗಿದ ಹಲಸು, ಮಾಗಿಯ ಚಳಿ, ಎಷ್ಟು ತುಂಬಿದ ಪದ! ಆದರೆ ತಿಂಡಿ ಪೊಟ್ಟಣದ ಮೇಲೆ Magi ಕಂಡರೆ ಎಲ್ಲರಿಗೂ ನೆನಪಾಗುವುದು ಮ್ಯಾಗಿ. Maagi ಎಂದು ಎರಡು a ಹಾಕಿದರೂ ದನಿ ದೂರ ಹೋಗುವುದಿಲ್ಲ. ಅದನ್ನು ಮೊದಲ ದಿನವೇ ಅಳಿಸಿದೆವು.

ಇನ್ನೊಂದು ಮಿತಿ ಇದೆ. ಪದಾರ್ಥದ ಗುಣವನ್ನೋ ಊರನ್ನೋ ಹೇಳುವ ಬರಿಯ ಪದ ಒಬ್ಬರ ಸ್ವತ್ತಾಗುವುದು ಕಷ್ಟ. "ರುಚಿ", "ಗರಿಗರಿ", "ಶಿರಸಿ" ಇಂಥವು. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಆ ಬಗೆಯ ಹೆಸರು ಆ ಪ್ರದೇಶದ ಬೆಳೆಗಾರರದ್ದು, ಒಬ್ಬರದ್ದಲ್ಲ. ಬಿಸಿಲು ಎಂಬುದರಲ್ಲೂ ಸ್ವಲ್ಪ ಈ ಅಪಾಯ ಇದೆ ಎಂದು ನಮಗೆ ಗೊತ್ತು. ಕನ್ನಡ ಪದದ ಹೆಸರಿಗೆ ಅರ್ಜಿ ಹಾಕುವಾಗ ಅದರ ಲಿಪ್ಯಂತರ ಮತ್ತು ಅನುವಾದ ಕೊಡಬೇಕು. ಅಧಿಕಾರಿ ಅರ್ಥವನ್ನೂ ನೋಡುತ್ತಾರೆ. ಹಪ್ಪಳ ಒಣಗುವುದು ಬಿಸಿಲಿನಲ್ಲೇ ತಾನೇ ಎಂದು ಆಕ್ಷೇಪ ಬರಬಹುದು. ಅದಕ್ಕೇ ಕನ್ನಡ ಮತ್ತು ಇಂಗ್ಲಿಷ್ ಎರಡೂ ಅಕ್ಷರ ಸೇರಿಸಿ ಬರೆದ ಚಿತ್ರರೂಪದ ಗುರುತಿಗೆ ಅರ್ಜಿ ಹಾಕುವುದು ಎಂದು ತೀರ್ಮಾನಿಸಿದೆವು. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿಯಾದರೆ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು.

ಕಾಗುಣಿತ ಒಂದೇ ಇರಲಿ

ಹೆಸರು ನಿಂತ ಮೇಲೆ ಎರಡೂ ಲಿಪಿಯಲ್ಲಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಲೇಬಲ್ ಮಾಡುವವರಿಗೆ, ಬೋರ್ಡ್ ಬರೆಯುವವರಿಗೆ, ಬಿಲ್ ಪುಸ್ತಕ ಮಾಡುವವರಿಗೆ ಬಾಯಲ್ಲಿ ಹೇಳಬೇಡಿ. ಆ ಹಾಳೆಯ ಫೋಟೋ ಕಳಿಸಿ. ಯುಪಿಐ ಕೋಡಿನಲ್ಲಿ, ಇನ್‌ಸ್ಟಾಗ್ರಾಂ ಖಾತೆಯಲ್ಲಿ ಅದೇ ಕಾಗುಣಿತ ಇರಲಿ. ಖಾತೆಯ ಹೆಸರಿನಲ್ಲಿ ಎರಡು ಪದ ಜಾಗ ಇಲ್ಲದೆ ಅಂಟುವುದರಿಂದ, ಅಂಟಿದಾಗ ನಡುವೆ ಹೊಸ ಪದ ಹುಟ್ಟುತ್ತದೆಯೇ ಎಂದು ಒಮ್ಮೆ ಸಣ್ಣ ಅಕ್ಷರದಲ್ಲಿ ಬರೆದು ನೋಡಿ. ನಮ್ಮದು bisiluhappala, ತೊಂದರೆ ಇಲ್ಲ.

ಲೇಬಲನ್ನು ಮೊದಲ ಸಲ ನೂರೇ ಹೊಡೆಸಿ. ಒಂದು ಬಿಡಿ ಲೇಬಲಿಗೆ ಬೆಲೆ ಸ್ವಲ್ಪ ಜಾಸ್ತಿ ಬೀಳುತ್ತದೆ. ಆದರೆ ಆ ನೂರು ಪೊಟ್ಟಣ ಮಾರುವಾಗ ಜನ ಹೆಸರನ್ನು ಹೇಗೆ ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಬಹುದು. ಅತ್ತಿಗೆ ಈ ಸಲ ಗಲ್ಲೆಯ ಹತ್ತಿರ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾರಾದರೂ ಹೆಸರನ್ನು ಬೇರೆ ರೀತಿ ಹೇಳಿದರೆ, ಕೇಳಿದ ಹಾಗೇ ಅದರಲ್ಲಿ ಬರೆದುಕೊಳ್ಳುತ್ತಾರೆ. ನಲವತ್ತು ಪೊಟ್ಟಣ ಹೋಗುವಷ್ಟರಲ್ಲಿ ಅದರಲ್ಲಿ ಇದ್ದದ್ದು ಮೂರೇ ಸಾಲು: ಎರಡು "ಬಿಸ್ಲು", ಒಂದು "ಬಿಸಿಲೂ".